‘ಆದ್ರೂ’ನಾ, ‘ಆಗಿದ್ದರಿಂದ’ನಾ?

ನಮ್ಮ ಕ್ಯಾಂಪಸ್‌ನಲ್ಲಿ ನಡೆಯೋ ಪ್ರೆಸೆಂಟೇಷನ್‌ಗಳಲ್ಲಿ ಅತಿ ಹೆಚ್ಚು ಸಲ ಕೇಳಿಬರೋ ಮಾತು ಯಾವುದು ಅಂತ ಯಾರಾದ್ರೂ ಎಣಿಸಿದ್ರೆ, ‘ನೆಕ್ಸ್ಟ್ ಸ್ಲೈಡ್’ ಅನ್ನೋದಕ್ಕೇ ಮೊದಲ ಬಹುಮಾನ ಬರಬಹುದು. ಸೆಮಿನಾರ್, ಮಿನಿ ಪ್ರಾಜೆಕ್ಟ್ ರಿವ್ಯೂ, ಬಿಸಿನೆಸ್ ಪ್ಲಾನ್ ಸ್ಪರ್ಧೆ, ಎಲ್ಲ ಕಡೆ ಅದೇ ಕಥೆ. ಪರದೆ ಮೇಲೆ ಆರು ಬುಲೆಟ್ ಪಾಯಿಂಟ್ ಇರುತ್ತೆ, ಅವನ್ನ ಓದ್ತೀವಿ, ‘ನೆಕ್ಸ್ಟ್ ಸ್ಲೈಡ್’ ಅಂತೀವಿ, ಇನ್ನಾರು ಓದ್ತೀವಿ. ಇಂಟರ್ನ್‌ಶಿಪ್‌ಗೆ ಹೋದ ಸೀನಿಯರ್‌ಗಳು ಹೇಳೋ ಪ್ರಕಾರ ಆಫೀಸಲ್ಲೂ ಇದು ಬದಲಾಗಲ್ಲ. ಅಲ್ಲಿ ಸ್ಲೈಡ್‌ಗಳ ಹೆಸರು ‘ಡೆಕ್’ ಅಂತಾಗುತ್ತೆ, ವಿಷಯ ಮೂರು ತಿಂಗಳ ಮಾರಾಟದ ಲೆಕ್ಕ ಆಗುತ್ತೆ, ಅಷ್ಟೇ.

ಬುಲೆಟ್ ತುಂಬಿದ ಡೆಕ್ ಕೊಟ್ಟು ‘ಇದಕ್ಕೊಂದು ಸ್ಕ್ರಿಪ್ಟ್ ಬರ್ಕೊಡಪ್ಪ’ ಅಂದಾಗ ನಾವೆಲ್ಲ ಅಂದುಕೊಳ್ಳೋದು ಏನು? ಪಾಯಿಂಟ್‌ಗಳನ್ನ ಪೂರ್ತಿ ವಾಕ್ಯ ಮಾಡಿ, ನಡುನಡುವೆ ‘ಈಗ ನಾವು ನೋಡೋಣ’ ಅಂತ ಸೇರಿಸಿದ್ರೆ ಆಯ್ತು ಅಂತ. ನಮ್ಮ ವಾದ ಇದಕ್ಕೆ ಉಲ್ಟಾ. ಸ್ಲೈಡಿನಿಂದ ಸ್ಲೈಡಿಗೆ ಹೋಗೋ ಆ ಕೊಂಡಿ ಮಾತಿದೆಯಲ್ಲ, ಅದು ಅಲಂಕಾರ ಅಲ್ಲ. ಡೆಕ್‌ನಲ್ಲಿ ಯಾರೂ ತೆಗೆದುಕೊಳ್ಳದೆ ಬಿಟ್ಟ ತೀರ್ಮಾನ ಅದು. ಸ್ಕ್ರಿಪ್ಟ್ ಬರೆಯೋದು ಅಂದ್ರೆ ಆ ತೀರ್ಮಾನ ತೆಗೆದುಕೊಳ್ಳೋದು.

ಇದನ್ನ ನಾವೇ ಮೊದಲು ಹೇಳ್ತಾ ಇಲ್ಲ. 1998ರಲ್ಲಿ ‘ಹಾರ್ವರ್ಡ್ ಬಿಸಿನೆಸ್ ರಿವ್ಯೂ’ನಲ್ಲಿ 3ಎಂ ಕಂಪನಿಯ ಯೋಜನೆಗಳ ಬಗ್ಗೆ ಗಾರ್ಡನ್ ಶಾ, ರಾಬರ್ಟ್ ಬ್ರೌನ್, ಫಿಲಿಪ್ ಬ್ರೊಮೈಲಿ ಅನ್ನೋ ಮೂವರು ಒಂದು ಲೇಖನ ಬರೆದರು. ಅದರ ಸಾರ ಹೀಗೆ: ಬುಲೆಟ್ ಪಟ್ಟಿ ಎರಡು ವಿಷಯಗಳ ನಡುವೆ ತುಂಬ ಕಡಿಮೆ ಸಂಬಂಧಗಳನ್ನ ಮಾತ್ರ ತೋರಿಸಬಲ್ಲದು. ಇದು ಮೊದಲು, ಅದು ಆಮೇಲೆ ಅನ್ನಬಹುದು. ಇದು ಮುಖ್ಯ, ಅದು ಅಷ್ಟಿಲ್ಲ ಅನ್ನಬಹುದು. ಇಲ್ಲವೇ ಇವೆಲ್ಲ ಒಂದೇ ಗುಂಪಿನವು ಅನ್ನಬಹುದು. ‘ಇದರಿಂದಾಗಿ ಅದು ಆಯ್ತು’ ಅನ್ನೋದನ್ನ ಪಟ್ಟಿ ಹೇಳೋದೇ ಇಲ್ಲ. ಆದರೆ ಮೀಟಿಂಗ್‌ನಲ್ಲಿ ಕೂತವರಿಗೆ ಬೇಕಾಗಿರೋದು ಅದೊಂದೇ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಇದು ಅಭ್ಯಾಸಕ್ಕೆ ಅಂತ ನಾವೇ ಕಟ್ಟಿದ ಕಂಪನಿ, ಅಂಕಿಗಳೂ ನಮ್ಮವೇ. ಕಂಪನಿ ಕರ್ನಾಟಕದಲ್ಲಿ ಡೀಲರ್‌ಗಳ ಮೂಲಕ ಇನ್ವರ್ಟರ್ ಮತ್ತು ಬ್ಯಾಟರಿ ಮಾರುತ್ತೆ. ಲೆಕ್ಕದ ವರ್ಷ ಏಪ್ರಿಲ್‌ನಿಂದ ಶುರು ಆಗೋದರಿಂದ ಜುಲೈ–ಸೆಪ್ಟೆಂಬರ್ ಅಂದ್ರೆ ಎರಡನೇ ಕ್ವಾರ್ಟರ್. ಡೆಕ್‌ನಲ್ಲಿರೋ ನಾಲ್ಕು ಸ್ಲೈಡ್ ಹೀಗಿವೆ.

ಸ್ಲೈಡ್ 1: ಮುಖ್ಯಾಂಶಗಳು
• ಮಾರಾಟ 4.6 ಕೋಟಿ (ಟಾರ್ಗೆಟ್ 5 ಕೋಟಿ)
• ಹೋದ ವರ್ಷದ ಇದೇ ಕ್ವಾರ್ಟರ್‌ಗಿಂತ 15% ಹೆಚ್ಚು (ಆಗ 4 ಕೋಟಿ)
• ಹಿಂದಿನ ಕ್ವಾರ್ಟರ್‌ಗಿಂತ 20% ಕಡಿಮೆ
• ಗ್ರಾಸ್ ಮಾರ್ಜಿನ್ 22% (ಹೋದ ವರ್ಷ 26%)

ಸ್ಲೈಡ್ 2: ಪ್ರದೇಶವಾರು ಮಾರಾಟ
• ಬೆಂಗಳೂರು 2 ಕೋಟಿ (ಹೋದ ವರ್ಷ 2 ಕೋಟಿ)
• ಹುಬ್ಬಳ್ಳಿ 1.2 ಕೋಟಿ (70 ಲಕ್ಷ)
• ಮೈಸೂರು 90 ಲಕ್ಷ (90 ಲಕ್ಷ)
• ಕಲಬುರಗಿ 50 ಲಕ್ಷ (40 ಲಕ್ಷ)

ಸ್ಲೈಡ್ 3: ಡೀಲರ್ ಸ್ಕೀಮ್
• ಜುಲೈನಿಂದ ಹುಬ್ಬಳ್ಳಿಯಲ್ಲಿ ಬ್ಯಾಟರಿ ಮೇಲೆ ಡೀಲರ್‌ಗಳಿಗೆ ರಿಯಾಯಿತಿ
• 18 ಹೊಸ ಡೀಲರ್‌ಗಳು
• ಒಳ್ಳೆ ಪ್ರತಿಕ್ರಿಯೆ

ಸ್ಲೈಡ್ 4: ಮುಂದಿನ ಕ್ವಾರ್ಟರ್
• ಟಾರ್ಗೆಟ್ 5.5 ಕೋಟಿ
• ಸ್ಕೀಮನ್ನು ಬೇರೆ ಪ್ರದೇಶಗಳಿಗೂ ವಿಸ್ತರಿಸುವುದು
• ಮಾರ್ಜಿನ್ ಸುಧಾರಿಸುವುದು

ನೋಡೋಕೆ ಅಚ್ಚುಕಟ್ಟಾಗೇ ಇದೆ. ಯಾವ ಪಾಯಿಂಟೂ ಸುಳ್ಳಲ್ಲ. ಇದನ್ನ ಹಾಗೇ ಓದಿಕೊಂಡು ಹೋದ್ರೆ ನಾಲ್ಕು ನಿಮಿಷದಲ್ಲಿ ಮುಗಿಯುತ್ತೆ, ಚಪ್ಪಾಳೆನೂ ಬೀಳಬಹುದು.

ಈಗ ಮಾರಾಟ ಹೆಚ್ಚಾಗಿರೋ ಪಾಯಿಂಟ್ ಮತ್ತು ಮಾರ್ಜಿನ್ ಇಳಿದಿರೋ ಪಾಯಿಂಟ್, ಇವೆರಡನ್ನ ಒಂದೇ ವಾಕ್ಯದಲ್ಲಿ ಹೇಳೋಕೆ ನೋಡಿ. ಇಂಗ್ಲಿಷ್ ಬುಲೆಟ್‌ನಲ್ಲಿ ಒಂದರ ಕೆಳಗೊಂದು ಬರೆದು ಕೈ ತೊಳ್ಕೋಬಹುದು. ಬಾಯಲ್ಲಿ ಕನ್ನಡದಲ್ಲಿ ಹೇಳೋವಾಗ ಅದು ಅಷ್ಟು ಸುಲಭ ಅಲ್ಲ. ಎರಡು ಸಂಗತಿ ಸೇರಿಸಬೇಕಾದ್ರೆ ನಾವು ಸಾಮಾನ್ಯವಾಗಿ ಮೊದಲ ಕ್ರಿಯಾಪದದ ಬಾಲವನ್ನೇ ಬದಲಾಯಿಸ್ತೀವಿ. ‘ಮಾರಾಟ ಹೆಚ್ಚಾದ್ರೂ ಮಾರ್ಜಿನ್ ಇಳೀತು’ ಅನ್ನಬಹುದು. ‘ಮಾರಾಟ ಹೆಚ್ಚಾಗಿದ್ದರಿಂದಲೇ ಮಾರ್ಜಿನ್ ಇಳೀತು’ ಅಂತಲೂ ಅನ್ನಬಹುದು. ಬದಲಾಗಿದ್ದು ಬಾಲ ಮಾತ್ರ, ಆದರೆ ಇವು ಎರಡು ಬೇರೆ ಬೇರೆ ಆಪಾದನೆಗಳು. ಮೊದಲನೆಯದು ಹೇಳೋದು: ಮಾರಾಟದವರು ತಮ್ಮ ಕೆಲಸ ಮಾಡಿದ್ದಾರೆ, ಬೇರೆಲ್ಲೋ ಏನೋ ಆಗಿದೆ, ಬಹುಶಃ ಸೀಸದ ಬೆಲೆ ಏರಿ ಬ್ಯಾಟರಿ ಖರೀದಿ ದುಬಾರಿ ಆಗಿದೆ. ಎರಡನೆಯದು ಹೇಳೋದು: ನಾವು ಮಾರಾಟವನ್ನ ರಿಯಾಯಿತಿ ಕೊಟ್ಟು ಕೊಂಡುಕೊಂಡಿದ್ದೀವಿ. ಮೊದಲನೆಯದು ನಿಜ ಆದ್ರೆ ಖರೀದಿ ವಿಭಾಗ ಉತ್ತರ ಕೊಡಬೇಕು. ಎರಡನೆಯದು ನಿಜ ಆದ್ರೆ ಸ್ಕೀಮ್ ತಂದವರು ಕೊಡಬೇಕು.

ಬುಲೆಟ್ ಈ ಆಯ್ಕೆಯಿಂದ ತಪ್ಪಿಸಿಕೊಳ್ಳೋಕೆ ಬಿಡುತ್ತೆ, ಮಾತು ಬಿಡಲ್ಲ. ಹಾಗಾಗಿ ನಮ್ಮ ಮೊದಲ ಸಲಹೆ: ಮೀಟಿಂಗ್ ಇಂಗ್ಲಿಷ್‌ನಲ್ಲೇ ನಡೆಯೋದಾದ್ರೂ ಕೊಂಡಿ ವಾಕ್ಯಗಳನ್ನ ಮೊದಲು ಕನ್ನಡದಲ್ಲಿ ಬರೆಯಿರಿ. ನಮ್ಮಂಥ ಇಂಗ್ಲಿಷ್ ಮೀಡಿಯಂ ಗಿರಾಕಿಗಳಿಗೆ ‘ಮೂವಿಂಗ್ ಆನ್ ಟು’ ಅನ್ನೋ ಥರದ ಮಾತುಗಳು ನಾಲಿಗೆ ತುದಿಯಲ್ಲೇ ಕೂತಿರುತ್ತವೆ. ಅವು ಎಲ್ಲಿ ಬೇಕಾದ್ರೂ ಹೊಂದುತ್ತವೆ, ಅಂದ್ರೆ ಏನನ್ನೂ ಹೇಳಲ್ಲ. ಅದೇ ವಿಷಯವನ್ನ ಹಾಸ್ಟೆಲ್ ಮೆಸ್‌ನಲ್ಲಿ ಗೆಳೆಯನಿಗೆ ಹೇಳೋ ಹಾಗೆ ಹೇಳಿ ನೋಡಿ. ‘ಆದ್ರೂ’, ‘ಅದಕ್ಕೇ’, ‘ಹಂಗಾದ್ರೆ’, ‘ಅಷ್ಟಾಗಿಯೂ’, ಇವುಗಳಲ್ಲಿ ಒಂದನ್ನ ಆರಿಸಲೇಬೇಕಾಗುತ್ತೆ.

ಆರಿಸೋದು ಹೇಗೆ? ಊಹೆ ಮೇಲೆ ಅಲ್ಲ, ಲೆಕ್ಕ ನೋಡಿ. ಇಲ್ಲಿ ಪ್ರದೇಶವಾರು ಮಾರ್ಜಿನ್ ಬೇಕು, ಅದು ಡೆಕ್‌ನಲ್ಲಿ ಇಲ್ಲ. ಸ್ಕ್ರಿಪ್ಟ್ ಬರೆಯೋನು ಇಲ್ಲಿ ಪೆನ್ ಕೆಳಗಿಟ್ಟು ಎಕ್ಸೆಲ್ ಶೀಟ್ ಕೇಳಬೇಕು. ನಮ್ಮ ಉದಾಹರಣೆಯಲ್ಲಿ ಹೋದ ವರ್ಷ ನಾಲ್ಕೂ ಕಡೆ ಮಾರ್ಜಿನ್ 26% ಇತ್ತು, ಈ ಸಲವೂ ಬೆಂಗಳೂರು, ಮೈಸೂರು, ಕಲಬುರಗಿಯಲ್ಲಿ ಅಷ್ಟೇ ಉಳಿದಿದೆ ಅಂತಿಟ್ಟುಕೊಳ್ಳಿ. ಆಗ ಇಳಿದಿದ್ದೆಲ್ಲ ಹುಬ್ಬಳ್ಳಿಯಲ್ಲೇ. ಹೋದ ವರ್ಷ ಅಲ್ಲಿ 70 ಲಕ್ಷ ಮಾರಿ ಸುಮಾರು 18 ಲಕ್ಷ ಉಳಿಸಿದ್ದರು. ಈ ವರ್ಷ 1.2 ಕೋಟಿ ಮಾರಿ ಸುಮಾರು 13 ಲಕ್ಷ ಉಳಿಸಿದ್ದಾರೆ. ಸೀಸದ ಬೆಲೆ ಕಾರಣ ಆಗಿದ್ದರೆ ನಾಲ್ಕೂ ಕಡೆ ಮಾರ್ಜಿನ್ ಇಳೀಬೇಕಿತ್ತು. ಹಾಗಾಗಿಲ್ಲ. ಆದ್ದರಿಂದ ‘ಆದ್ರೂ’ ಅಲ್ಲ, ‘ಆಗಿದ್ದರಿಂದಲೇ’.

ಇಡೀ ಕಂಪನಿಯ ಲೆಕ್ಕವನ್ನೂ ಒಮ್ಮೆ ಮಾಡಿ. 4 ಕೋಟಿಯ 26% ಅಂದ್ರೆ 1.04 ಕೋಟಿ. 4.6 ಕೋಟಿಯ 22% ಅಂದ್ರೆ 1.012 ಕೋಟಿ. 60 ಲಕ್ಷದ ಮಾಲು ಹೆಚ್ಚು ಮಾರಿ, ಸುಮಾರು 3 ಲಕ್ಷ ಕಡಿಮೆ ಗಳಿಸಿದ್ದೀವಿ! ಈ ಒಂದು ವಾಕ್ಯ ಇಡೀ ಡೆಕ್‌ನಲ್ಲಿ ಎಲ್ಲೂ ಇಲ್ಲ. ಅದಕ್ಕೆ ಬೇಕಾದ ಅಂಕಿಗಳೆಲ್ಲ ಮೊದಲ ಸ್ಲೈಡಲ್ಲೇ ಇವೆ, ಬೇರೆ ಬೇರೆ ಬುಲೆಟ್‌ಗಳಲ್ಲಿ, ಒಂದಕ್ಕೊಂದು ಪರಿಚಯವೇ ಇಲ್ಲದವರ ಹಾಗೆ ಕೂತಿವೆ.

ಕೊಂಡಿ ಸಿಕ್ಕಿದ ಮೇಲೆ ಸ್ಲೈಡ್‌ಗಳ ಕ್ರಮ. ಇದಕ್ಕೊಂದು ಸರಳ ಪರೀಕ್ಷೆ ಇದೆ. ಪ್ರತಿ ಸ್ಲೈಡ್ ಮುಗಿದಾಗ ಕೇಳುವವರ ತಲೆಯಲ್ಲಿ ಯಾವ ಪ್ರಶ್ನೆ ಏಳುತ್ತೆ ಅಂತ ಬರೆಯಿರಿ. ಮುಂದಿನ ಸ್ಲೈಡ್ ಅದಕ್ಕೆ ಉತ್ತರ ಆಗಿರಬೇಕು. ಮೊದಲ ಸ್ಲೈಡ್ ಆದಮೇಲೆ ಪ್ರಶ್ನೆ: ಈ ಹೆಚ್ಚುವರಿ 60 ಲಕ್ಷ ಎಲ್ಲಿಂದ ಬಂತು? ಎರಡನೇ ಸ್ಲೈಡ್ ಉತ್ತರ ಕೊಡುತ್ತೆ: 50 ಲಕ್ಷ ಹುಬ್ಬಳ್ಳಿಯಿಂದ. ಆಮೇಲಿನ ಪ್ರಶ್ನೆ: ಹುಬ್ಬಳ್ಳಿಯಲ್ಲಿ ಅಂಥದ್ದೇನಾಯ್ತು? ಮೂರನೇ ಸ್ಲೈಡ್: ಸ್ಕೀಮ್. ಅದಾದಮೇಲೆ ಯಾವ ಫೈನಾನ್ಸ್‌ನವರೂ ಬಿಡದ ಪ್ರಶ್ನೆ: ಅದಕ್ಕೆ ಎಷ್ಟು ಖರ್ಚಾಯ್ತು? ಇದಕ್ಕೆ ಸ್ಲೈಡೇ ಇಲ್ಲ. ಡೆಕ್ ನೇರವಾಗಿ ಮುಂದಿನ ಕ್ವಾರ್ಟರ್‌ಗೆ ಹಾರುತ್ತೆ. ‘ನೆಕ್ಸ್ಟ್ ಸ್ಲೈಡ್’ ಅನ್ನೋ ಮಾತು ಹುಟ್ಟೋದು ಇಂಥ ಹಳ್ಳಗಳನ್ನ ದಾಟೋಕೆ. ಕೊಂಡಿ ವಾಕ್ಯ ಎಷ್ಟು ಒದ್ದಾಡಿದ್ರೂ ಬರ್ತಾ ಇಲ್ಲ ಅಂದ್ರೆ ನಿಮ್ಮ ಭಾಷೆ ಕಳಪೆ ಅಂತಲ್ಲ, ಅಲ್ಲೊಂದು ಸ್ಲೈಡ್ ಇಲ್ಲ ಅಂತ.

ಹಾಗಾಗಿ ಮೂರಕ್ಕೂ ನಾಲ್ಕಕ್ಕೂ ನಡುವೆ ಹುಬ್ಬಳ್ಳಿಯ ಲೆಕ್ಕದ ಒಂದು ಸ್ಲೈಡ್ ಬರಬೇಕು. ಆದರೆ ಮಾರ್ಜಿನ್ ಇಳಿದ ಸುದ್ದಿಯನ್ನ ಮೊದಲ ಸ್ಲೈಡ್‌ನಿಂದ ಕಿತ್ತು ಅಲ್ಲಿಗೆ ಮಾತ್ರ ಹಾಕಬಾರದು. ಕಥೆ ಹೇಳೋವಾಗ ಕೊನೇವರೆಗೂ ಬಚ್ಚಿಡೋದು ಚೆಂದ, ಲೆಕ್ಕ ಒಪ್ಪಿಸೋವಾಗ ಅಲ್ಲ. ಕೆಟ್ಟ ಸುದ್ದಿ ಮೊದಲ ನಿಮಿಷದಲ್ಲೇ ಹೇಳಿ, ವಿವರಣೆ ಯಾವಾಗ ಬರುತ್ತೆ ಅಂತಲೂ ಹೇಳಿ. ಇಲ್ಲಾಂದ್ರೆ ಯಾರೋ ಮಧ್ಯದಲ್ಲಿ ಕೇಳ್ತಾರೆ, ನಿಮ್ಮ ಕ್ರಮ ಅಲ್ಲಿಗೇ ಮುರಿಯುತ್ತೆ.

ಈಗ ಸ್ಕ್ರಿಪ್ಟ್. ನಾವಾದ್ರೆ ಹೀಗೆ ಬರೀತೀವಿ:

“ಎಲ್ಲರಿಗೂ ನಮಸ್ಕಾರ. ಈ ಕ್ವಾರ್ಟರ್‌ನಲ್ಲಿ 4.6 ಕೋಟಿ ಮಾರಿದ್ದೀವಿ. ಟಾರ್ಗೆಟ್‌ಗೆ 40 ಲಕ್ಷ ಕಡಿಮೆ ಬಿತ್ತು. ಬೇಸಿಗೆ ಕ್ವಾರ್ಟರ್‌ಗಿಂತ ಕಡಿಮೆ ಆಗಿರೋದು ಪ್ರತಿ ವರ್ಷದ ಹಾಗೇ, ಮಳೆಗಾಲದಲ್ಲಿ ಇನ್ವರ್ಟರ್ ಕೇಳೋರು ಕಡಿಮೆ. ಹಾಗಾಗಿ ಹೋಲಿಸಬೇಕಾಗಿರೋದು ಹೋದ ವರ್ಷದ ಇದೇ ಮೂರು ತಿಂಗಳ ಜೊತೆ. ಅದಕ್ಕಿಂತ 60 ಲಕ್ಷ ಹೆಚ್ಚು ಮಾರಿದ್ದೀವಿ, ಆದರೆ ಲಾಭ 3 ಲಕ್ಷ ಕಡಿಮೆ ಬಂದಿದೆ. ಯಾಕೆ ಅನ್ನೋದನ್ನ ನಾಲ್ಕನೇ ಸ್ಲೈಡ್‌ನಲ್ಲಿ ತೋರಿಸ್ತೀನಿ. ಅದಕ್ಕೆ ಮುಂಚೆ, ಆ 60 ಲಕ್ಷ ಬಂದಿದ್ದೆಲ್ಲಿಂದ ಅಂತ ನೋಡಬೇಕು.” (ಕ್ಲಿಕ್)

“ಹೆಚ್ಚಿನದ್ದು ಒಂದೇ ಕಡೆಯಿಂದ. ಬೆಂಗಳೂರು, ಮೈಸೂರು ಇದ್ದಲ್ಲೇ ಇವೆ. ಕಲಬುರಗಿ ಸ್ವಲ್ಪ ಏರಿದೆ. 60ರಲ್ಲಿ 50 ಲಕ್ಷ ಹುಬ್ಬಳ್ಳಿಯದ್ದು. ಮಳೆ ನಾಲ್ಕೂ ಕಡೆ ಬಂತು, ಮಾಲೂ ಒಂದೇ. ಹುಬ್ಬಳ್ಳಿಯಲ್ಲಿ ಮಾತ್ರ ನಾವು ಬೇರೆ ಏನೋ ಮಾಡಿದ್ದೀವಿ.” (ಕ್ಲಿಕ್)

“ಜುಲೈನಿಂದ ಅಲ್ಲಿ ಡೀಲರ್‌ಗಳಿಗೆ ಬ್ಯಾಟರಿ ಮೇಲೆ ರಿಯಾಯಿತಿ ಕೊಟ್ಟಿದ್ದೀವಿ. 18 ಹೊಸ ಡೀಲರ್‌ಗಳು ಬಂದರು. ಮಾಲು ಓಡಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಓಡಿಸೋಕೆ ನಾವು ಎಷ್ಟು ಬಿಟ್ಟುಕೊಟ್ವಿ?” (ಕ್ಲಿಕ್)

“ಹೋದ ವರ್ಷ 70 ಲಕ್ಷ ಮಾರಿ 18 ಲಕ್ಷ ಉಳಿಸಿದ್ವಿ. ಈ ಸಲ 1.2 ಕೋಟಿ ಮಾರಿ 13 ಲಕ್ಷ ಉಳಿಸಿದ್ದೀವಿ. ಬೇರೆ ಮೂರು ಕಡೆ ಮಾರ್ಜಿನ್ ಕದಲಿಲ್ಲ. ಅಂದ್ರೆ ಸ್ಕೀಮ್ ನಮಗೆ ಡೀಲರ್‌ಗಳನ್ನ ತಂದುಕೊಟ್ಟಿದೆ, ದುಡ್ಡನ್ನಲ್ಲ. ಹಾಗಾದ್ರೆ ಡೀಲರ್‌ಗಳನ್ನ ಉಳಿಸಿಕೊಂಡು ದುಡ್ಡನ್ನ ವಾಪಸ್ ತರೋದು ಹೇಗೆ ಅನ್ನೋದೇ ಮುಂದಿನ ಕ್ವಾರ್ಟರ್‌ನ ಪ್ರಶ್ನೆ.” (ಕ್ಲಿಕ್)

ಇಲ್ಲಿ ನಿಲ್ಲಿಸಿ ಕೊನೆ ಸ್ಲೈಡ್ ಮತ್ತೊಮ್ಮೆ ಓದಿ. ‘ಸ್ಕೀಮ್ ವಿಸ್ತರಿಸುವುದು’, ಅದರ ಕೆಳಗೇ ‘ಮಾರ್ಜಿನ್ ಸುಧಾರಿಸುವುದು’. ಬುಲೆಟ್‌ನಲ್ಲಿ ಇಬ್ಬರೂ ಒಳ್ಳೆ ನೆರೆಹೊರೆಯವರು. ಬಾಯಲ್ಲಿ ಹೇಳಿ ನೋಡಿ: ‘ಸ್ಕೀಮನ್ನ ಎಲ್ಲ ಕಡೆ ವಿಸ್ತರಿಸಿ ಮಾರ್ಜಿನ್ ಸುಧಾರಿಸ್ತೀವಿ.’ ಇಷ್ಟು ಹೊತ್ತು ಲೆಕ್ಕ ಕೇಳಿದವರು ಯಾರೂ ಇದನ್ನ ಒಪ್ಪಲ್ಲ, ಹೇಳೋರಿಗೇ ನಗು ಬರುತ್ತೆ. ಇಲ್ಲಿ ಸ್ಕ್ರಿಪ್ಟ್ ಬರೆಯೋನು ಮಾತಿನ ಚಮತ್ಕಾರದಿಂದ ದಾಟಿಸೋಕೆ ಹೋಗಬಾರದು. ಡೆಕ್ ಮಾಡಿದವರ ಹತ್ತಿರ ವಾಪಸ್ ಹೋಗಿ ‘ಸರ್, ಇವೆರಡರಲ್ಲಿ ಯಾವುದು?’ ಅಂತ ಕೇಳಬೇಕು. ಉತ್ತರ ಹೀಗೂ ಬರಬಹುದು: ರಿಯಾಯಿತಿ ಬರೀ ಬ್ಯಾಟರಿಗೆ ಬೇಡ, ಇನ್ವರ್ಟರ್ ಜೊತೆ ಸೆಟ್ ತಗೊಂಡವರಿಗೆ ಮಾತ್ರ ಇರಲಿ, ಅದು ಹುಬ್ಬಳ್ಳಿಯಲ್ಲಿ ನಡೆದ್ರೆ ಆಮೇಲೆ ಬೇರೆ ಕಡೆ. ಆಗ ಎರಡು ಬುಲೆಟ್ ನಡುವೆ ನಿಜವಾದ ‘ಆಮೇಲೆ’ ಒಂದು ಹುಟ್ಟುತ್ತೆ.

ಹೇಳೋ ರೀತಿ ಬಗ್ಗೆ ಒಂದೆರಡು ಮಾತು. ಕೊಂಡಿ ವಾಕ್ಯ ಕ್ಲಿಕ್‌ಗಿಂತ ಮುಂಚೆ ಬರಬೇಕು. ಮೊದಲು ಕ್ಲಿಕ್ ಮಾಡಿದ್ರೆ ಎಲ್ಲರೂ ಹೊಸ ಸ್ಲೈಡ್ ಓದೋಕೆ ಶುರು ಮಾಡ್ತಾರೆ, ನಿಮ್ಮ ಮಾತು ಗಾಳಿಗೆ ಹೋಗುತ್ತೆ. ಪ್ರಶ್ನೆ ಕೇಳಿ, ಕ್ಲಿಕ್ ಮಾಡಿ, ಅಂಕಿಗಳಿದ್ದರೆ ಎರಡು ಸೆಕೆಂಡ್ ಸುಮ್ಮನಿದ್ದು ಉತ್ತರ ಹೇಳಿ. ಪರದೆ ಮೇಲೆ ಎಂಟು ಅಂಕಿ ಇದ್ರೂ ಬಾಯಲ್ಲಿ ಒಂದೋ ಎರಡೋ ಸಾಕು, ಉಳಿದದ್ದು ಕಣ್ಣಿಗೆ ಬಿಡಿ. ಇನ್ನು ಸಮಯ. ಇಂಗ್ಲಿಷ್‌ನಲ್ಲಿ ನಿಮಿಷಕ್ಕೆ 130ರಿಂದ 150 ಪದ ಅಂತ ಲೆಕ್ಕ ಹಾಕ್ತಾರೆ. ಕನ್ನಡಕ್ಕೆ ಆ ಲೆಕ್ಕ ಹಾಕಿದ್ರೆ ಕೆಟ್ಟಿರಿ, ‘ಹೆಚ್ಚಾಗಿದ್ದರಿಂದಲೇ’ ಅನ್ನೋದು ನಮಗೆ ಒಂದೇ ಪದ. ಪದ ಎಣಿಸಬೇಡಿ, ಫೋನಿನ ಸ್ಟಾಪ್‌ವಾಚ್ ಇಟ್ಟು ಜೋರಾಗಿ ಓದಿ.

ಇದಕ್ಕೆ ನಮ್ಮ ಗೆಳೆಯರು ಹಾಕೋ ದೊಡ್ಡ ಆಕ್ಷೇಪ: ಸ್ಕ್ರಿಪ್ಟ್ ಬರೆದ್ರೆ ಬೈಹಾರ್ಟ್ ಮಾಡಿದ ಹಾಗೆ ಕೇಳ್ಸುತ್ತೆ. ಕೇಳ್ಸೋದು ನಿಜ, ಎರಡು ಸಂದರ್ಭದಲ್ಲಿ. ಒಂದು, ‘ಪ್ರಸ್ತುತ ತ್ರೈಮಾಸಿಕ ಅವಧಿಯಲ್ಲಿ’ ಅಂತ ಯಾರೂ ಆಡದ ಭಾಷೆಯಲ್ಲಿ ಬರೆದಾಗ. ಎರಡು, ಪ್ರತಿ ಪದ ಉರು ಹೊಡೆದಾಗ. ನಾವು ಹೇಳೋದು ಕೊಂಡಿಗಳನ್ನ ಮಾತ್ರ ಬಾಯಿಪಾಠ ಮಾಡಿ ಅಂತ, ನಾಲ್ಕೇ ವಾಕ್ಯ. ನಡುವಿನದ್ದು ನಿಮಗೆ ಗೊತ್ತಿರೋ ವಿಷಯ, ಆ ಹೊತ್ತಿಗೆ ಬಂದ ಮಾತಲ್ಲಿ ಹೇಳಿ. ಕೊಂಡಿ ವಾಕ್ಯವನ್ನ ಸ್ಲೈಡ್ ಕೆಳಗಿನ ನೋಟ್ಸ್ ಜಾಗದಲ್ಲಿ ಬರೆದಿಟ್ಟರೆ ಪ್ರೆಸೆಂಟರ್ ವ್ಯೂನಲ್ಲಿ ನಿಮಗೊಬ್ಬರಿಗೇ ಕಾಣುತ್ತೆ. ಯಾರೋ ದೊಡ್ಡವರು ‘ಹುಬ್ಬಳ್ಳಿಗೆ ವಾಪಸ್ ಹೋಗಿ’ ಅಂದ್ರೂ ಗಾಬರಿ ಬೇಡ. ಪವರ್‌ಪಾಯಿಂಟ್‌ನಲ್ಲಿ ಸ್ಲೈಡ್ ಸಂಖ್ಯೆ ಒತ್ತಿ ಎಂಟರ್ ಒತ್ತಿದ್ರೆ ನೇರ ಅಲ್ಲಿಗೇ ಹೋಗುತ್ತೆ. ಉತ್ತರ ಕೊಟ್ಟಮೇಲೆ ಬಿಟ್ಟ ಸ್ಲೈಡ್‌ನ ಕೊಂಡಿ ವಾಕ್ಯ ಹೇಳಿದ್ರೆ ದಾರಿ ಮತ್ತೆ ಸಿಗುತ್ತೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ. ಡೆಕ್ ಬರೀ ಮೀಟಿಂಗ್‌ಗೆ ಅಲ್ಲ, ಮೇಲ್‌ನಲ್ಲೂ ಓಡಾಡುತ್ತೆ, ಬಾರದವರು ಅದನ್ನೇ ಓದಬೇಕು, ಬುಲೆಟ್ ತೆಗೆದ್ರೆ ಅವರಿಗೇನು ಉಳಿಯುತ್ತೆ ಅಂತ. ಒಪ್ಪಿದ್ವಿ. ಅದಕ್ಕೇ ನಾವು ಬುಲೆಟ್ ಅಳಿಸಿ ಅಂತಿಲ್ಲ. ಆದರೆ ಬಾರದವರಿಗೂ ಬೇಕಾಗಿರೋದು ‘60 ಲಕ್ಷ ಹೆಚ್ಚು ಮಾರಿ 3 ಲಕ್ಷ ಕಡಿಮೆ ಗಳಿಸಿದ್ದೀವಿ’ ಅನ್ನೋ ವಾಕ್ಯವೇ ತಾನೇ? ‘ಪ್ರದೇಶವಾರು ಮಾರಾಟ’ ಅನ್ನೋ ತಲೆಬರಹದ ಜಾಗದಲ್ಲಿ ‘60ರಲ್ಲಿ 50 ಲಕ್ಷ ಹುಬ್ಬಳ್ಳಿಯಿಂದ’ ಅಂತ ಹಾಕಿ. ಸ್ಕ್ರಿಪ್ಟ್ ಬರೆದಮೇಲೆ ಡೆಕ್ ತಾನಾಗೇ ತಿದ್ದಿಕೊಳ್ಳೋದು ಹೀಗೆ.

ಒಂದು ಎಚ್ಚರಿಕೆ ಮಾತ್ರ ಇರಲಿ. ಸಲೀಸಾದ ಕೊಂಡಿ ಸುಳ್ಳನ್ನೂ ಸಲೀಸಾಗಿ ದಾಟಿಸುತ್ತೆ. ಪ್ರದೇಶವಾರು ಮಾರ್ಜಿನ್ ನೋಡದೆ ‘ಆಗಿದ್ದರಿಂದಲೇ’ ಅಂದಿದ್ರೂ ವಾಕ್ಯ ಅಷ್ಟೇ ಚೆನ್ನಾಗಿ ಕೇಳ್ತಿತ್ತು. ಸ್ಕೀಮ್ ತಂದ ಮ್ಯಾನೇಜರ್ ತಾವು ಮಾಡದ ತಪ್ಪಿಗೆ ಎಲ್ಲರ ಮುಂದೆ ಉತ್ತರ ಕೊಡಬೇಕಾಗ್ತಿತ್ತು. ಬುಲೆಟ್ ಕಾರಣ ಹೇಳದೆ ಸುಮ್ಮನಿರುತ್ತೆ, ಸ್ಕ್ರಿಪ್ಟ್ ತಪ್ಪು ಕಾರಣ ಹೇಳಬಲ್ಲದು. ಲೆಕ್ಕ ಸಿಗದಿದ್ರೆ ‘ಇವೆರಡೂ ಒಟ್ಟಿಗೆ ಆಗಿವೆ, ಸಂಬಂಧ ಇದೆಯಾ ಅಂತ ಇನ್ನೂ ನೋಡಬೇಕು’ ಅಂತಲೇ ಹೇಳಿ. ಅದೂ ಒಂದು ಕೊಂಡಿಯೇ.

ಕೊನೆಗೆ ಪರೀಕ್ಷೆ ಮಾಡೋದು ಹೀಗೆ. ಸ್ಲೈಡ್‌ಗಳನ್ನ ಮುಚ್ಚಿಡಿ. ಕೊಂಡಿ ವಾಕ್ಯಗಳನ್ನಷ್ಟೇ ಒಂದರ ಹಿಂದೊಂದು ರೂಮ್‌ಮೇಟ್‌ಗೆ ಓದಿ ಹೇಳಿ. 60 ಲಕ್ಷ ಎಲ್ಲಿಂದ ಬಂತು, ಹುಬ್ಬಳ್ಳಿಯಲ್ಲಿ ಬೇರೆ ಏನು ಮಾಡಿದ್ವಿ, ಅದಕ್ಕೆ ಎಷ್ಟು ಬಿಟ್ಟುಕೊಟ್ವಿ, ದುಡ್ಡು ವಾಪಸ್ ಹೇಗೆ ತರೋದು. ಇನ್ವರ್ಟರ್ ವ್ಯಾಪಾರದ ಗಂಧಗಾಳಿ ಇಲ್ಲದ ಅವನು ‘ಹಂಗಾದ್ರೆ ಆ ಸ್ಕೀಮ್ ನಿಲ್ಲಿಸ್ಬೇಕಲ್ವೇನೋ?’ ಅಂತ ಕೇಳಿದ್ರೆ ನಿಮ್ಮ ಸ್ಕ್ರಿಪ್ಟ್ ಸಿದ್ಧ. ‘ಆಮೇಲೆ?’ ಅಂತ ಆಕಳಿಸಿದ್ರೆ ಇನ್ನೂ ಎಲ್ಲೋ ಒಂದು ‘ನೆಕ್ಸ್ಟ್ ಸ್ಲೈಡ್’ ಅಡಗಿ ಕೂತಿದೆ, ಹುಡುಕಿ.